ಟಿಸಾಬ್ ಸೇರಿಸಿದ ಮೇಲೆ ಫ್ಲೋರೈಡ್ ರೀಡಿಂಗನ್ನು ಎರಡರಿಂದ ಗುಣಿಸಬೇಕಾ?

ಪ್ರಶ್ನೆ: "ಸರ್, ಬೋರ್‌ವೆಲ್ ನೀರು 25 ಎಂಎಲ್, ಟಿಸಾಬ್ ಬಫರ್ 25 ಎಂಎಲ್ ಸೇರಿಸಿ ಎಲೆಕ್ಟ್ರೋಡ್ ಇಡ್ತೀವಿ. ಸ್ಯಾಂಪಲ್ ಅರ್ಧಕ್ಕರ್ಧ ತೆಳುವಾಯ್ತು. ಹಾಗಾದರೆ ಮೀಟರ್ ತೋರಿಸಿದ ಅಂಕಿಯನ್ನು ಎರಡು ಪಟ್ಟು ಮಾಡಬೇಕಲ್ವಾ?"

ಬೇಡ. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ನಿಧಾನವಾಗಿ, ಪೂರ್ತಿ ಹೇಳುತ್ತೇನೆ.

ತೆಳುವಾಯ್ತು ಅನ್ನುವುದು ನಿಜ. ಬೀಕರ್‌ನಲ್ಲಿರುವ ಫ್ಲೋರೈಡ್ ಅರ್ಧಕ್ಕೆ ಇಳಿದಿದೆ, ಎಲೆಕ್ಟ್ರೋಡ್ ನೋಡುವುದೂ ಆ ಅರ್ಧವನ್ನೇ. ಆದರೆ ನೀವು ಕ್ಯಾಲಿಬ್ರೇಟ್ ಮಾಡುವಾಗ ಸ್ಟ್ಯಾಂಡರ್ಡ್‌ಗೂ ಅಷ್ಟೇ ಟಿಸಾಬ್ ಹಾಕಿದ್ದಿರಿ. 1 ಪಿಪಿಎಂ ಸ್ಟ್ಯಾಂಡರ್ಡ್ ಬೀಕರ್‌ನಲ್ಲಿ 0.5 ಆಗಿತ್ತು. ಆದರೂ ನೀವು ಮೀಟರ್‌ಗೆ "ಇದು 1" ಅಂತಲೇ ಹೇಳಿಕೊಟ್ಟಿರಿ. ಅಂದರೆ ಎರಡು ಪಟ್ಟಿನ ಲೆಕ್ಕ ಅಲ್ಲೇ ಮುಗಿದುಹೋಗಿದೆ. ಮತ್ತೆ ಗುಣಿಸಿದರೆ ಅದೇ ಲೆಕ್ಕವನ್ನು ಎರಡನೇ ಸಲ ಮಾಡಿದಂತೆ.

ಒಂದು ಸ್ಯಾಂಪಲ್ ತೆಗೆದುಕೊಳ್ಳೋಣ. ಪಾವಗಡ ಕಡೆಯ ಬೋರ್‌ವೆಲ್ ನೀರು ಅಂದುಕೊಳ್ಳಿ. ಟಿಸಾಬ್ ಹಾಕಿದ 1 ಪಿಪಿಎಂ ಸ್ಟ್ಯಾಂಡರ್ಡ್ 100 ಮಿಲಿವೋಲ್ಟ್ ತೋರಿಸಿತು, 10 ಪಿಪಿಎಂ 42 ತೋರಿಸಿತು. ಫ್ಲೋರೈಡ್ ಹೆಚ್ಚಾದಂತೆ ಮಿಲಿವೋಲ್ಟ್ ಇಳಿಯುತ್ತದೆ. ಹತ್ತು ಪಟ್ಟಿಗೆ 58 ಇಳಿದಿದೆ, ಎಲೆಕ್ಟ್ರೋಡ್ ಚೆನ್ನಾಗಿದೆ. ಸ್ಯಾಂಪಲ್ ರೀಡಿಂಗ್ 85.2 ಬಂತು. ಲೆಕ್ಕ ಇಷ್ಟೇ:

```
10^((100 - 85.2) / 58) = 1.8
```

ಆ ನೀರಿನಲ್ಲಿ ಲೀಟರ್‌ಗೆ 1.8 ಮಿಲಿಗ್ರಾಂ ಫ್ಲೋರೈಡ್ ಇದೆ. 3.6 ಅಲ್ಲ. ಅರ್ಧಕ್ಕೆ ತೆಳುವಾದಾಗ ರೀಡಿಂಗ್ ಸುಮಾರು 17.5 ಮಿಲಿವೋಲ್ಟ್ ಏರುತ್ತದೆ. ಆದರೆ ಸ್ಟ್ಯಾಂಡರ್ಡ್, ಸ್ಯಾಂಪಲ್ ಎರಡೂ ಅಷ್ಟೇ ಏರುವುದರಿಂದ ನಡುವಿನ ಅಂತರ ಬದಲಾಗುವುದಿಲ್ಲ.

ಇನ್ನೂ ನಂಬಿಕೆ ಬರಲಿಲ್ಲವೇ? 1 ಪಿಪಿಎಂ ಸ್ಟ್ಯಾಂಡರ್ಡನ್ನೇ ಗೊತ್ತಿಲ್ಲದ ಸ್ಯಾಂಪಲ್ ಅಂದುಕೊಂಡು ಅಳೆಯಿರಿ. ಮೀಟರ್ 1 ತೋರಿಸುತ್ತದೆ. ನೀವು ಗುಣಿಸಿ 2 ಅಂತ ಬರೆಯುತ್ತೀರಾ? ಇದು ಸಣ್ಣ ತಪ್ಪಲ್ಲ. ಕುಡಿಯುವ ನೀರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರು ಸಿಗದಿದ್ದರೆ 1.5. ಊರಿನ 0.9ರ ಒಳ್ಳೆ ಬೋರ್‌ವೆಲ್ ನಿಮ್ಮ ವರದಿಯಲ್ಲಿ 1.8 ಆಗಿ ಕೆಟ್ಟ ಹೆಸರು ಪಡೆಯುತ್ತದೆ.

ಗುಣಿಸಬೇಕಾದ ಸಂದರ್ಭ ಇದೆ. ಫ್ಲೋರೈಡ್ ಜಾಸ್ತಿ ಇದೆ ಅಂತ ಸ್ಯಾಂಪಲ್ಲಿಗೆ ಮೊದಲೇ ಡಿಸ್ಟಿಲ್ಡ್ ವಾಟರ್ ಬೆರೆಸಿದ್ದರೆ ಎಷ್ಟು ಬೆರೆಸಿದ್ದೀರೋ ಆ ಲೆಕ್ಕಕ್ಕೆ ಗುಣಿಸಿ. ಸ್ಟ್ಯಾಂಡರ್ಡ್‌ಗೆ ಬೀಕರ್‌ನಲ್ಲಿರುವ ಅಂಕಿ, ಅಂದರೆ 0.5 ಮತ್ತು 5, ಅಂತ ಮೀಟರ್‌ಗೆ ಕೊಟ್ಟಿದ್ದರೂ ಗುಣಿಸಬೇಕು.

"ಹಾಗಾದರೆ ಟಿಸಾಬ್ ಸುಮ್ನೆ ಯಾಕೆ, ಬಿಟ್ಟರಾಯ್ತು" ಅನ್ನಬೇಡಿ. ಎಲೆಕ್ಟ್ರೋಡ್ ಫ್ಲೋರೈಡ್ ಎಷ್ಟಿದೆ ಅನ್ನುವುದಕ್ಕಿಂತ ಅದು ಎಷ್ಟು ಚುರುಕಾಗಿದೆ ಅನ್ನುವುದನ್ನು ನೋಡುತ್ತದೆ. ನೀರಿನಲ್ಲಿ ಉಪ್ಪಿನಂಶ ಬೇರೆಬೇರೆ ಇದ್ದರೆ ಅದೇ ಫ್ಲೋರೈಡ್ ಬೇರೆಬೇರೆ ರೀಡಿಂಗ್ ಕೊಡುತ್ತದೆ. ಟಿಸಾಬ್‌ನ ಸೋಡಿಯಂ ಕ್ಲೋರೈಡ್ ಎಲ್ಲ ಬೀಕರ್‌ಗಳಲ್ಲೂ ಉಪ್ಪನ್ನು ಒಂದೇ ಮಟ್ಟಕ್ಕೆ ತರುತ್ತದೆ. ಅಸಿಟೇಟ್ ಪಿಎಚ್ಚನ್ನು 5ರಿಂದ 5.5ರ ನಡುವೆ ನಿಲ್ಲಿಸುತ್ತದೆ. ಪಿಎಚ್ ತುಂಬಾ ಕಡಿಮೆಯಾದರೆ ಫ್ಲೋರೈಡ್ ಹೈಡ್ರೋಜನ್ ಜೊತೆ ಸೇರಿ ಮರೆಯಾಗುತ್ತದೆ. ತುಂಬಾ ಹೆಚ್ಚಾದರೆ ಎಲೆಕ್ಟ್ರೋಡ್‌ನ ಹರಳು ಹೈಡ್ರಾಕ್ಸೈಡನ್ನೇ ಫ್ಲೋರೈಡ್ ಅಂದುಕೊಳ್ಳುತ್ತದೆ. ಇನ್ನೊಂದು ಭಾಗವಾದ ಸಿಡಿಟಿಎ, ಅಲ್ಯುಮಿನಿಯಂ ಮತ್ತು ಕಬ್ಬಿಣದ ಹಿಡಿತದಿಂದ ಫ್ಲೋರೈಡನ್ನು ಬಿಡಿಸುತ್ತದೆ. ಪಟಿಕ ಹಾಕಿ ಶುದ್ಧಿ ಮಾಡಿದ ನೀರನ್ನು ಇದಿಲ್ಲದೆ ಅಳೆದರೆ ಫ್ಲೋರೈಡ್ ಇರುವುದಕ್ಕಿಂತ ಕಡಿಮೆ ತೋರಿಸಿ, ಫಿಲ್ಟರ್ ಚೆನ್ನಾಗಿ ಕೆಲಸ ಮಾಡಿತು ಅಂತ ಭ್ರಮೆ ಹುಟ್ಟಿಸುತ್ತದೆ.

ಬೀಕರ್ ಪ್ಲಾಸ್ಟಿಕ್ಕಿನದೇ ಇರಲಿ. ಸ್ಟಿರರ್‌ನ ಬಿಸಿ ತಾಗದಂತೆ ಕೆಳಗೆ ತೆಳುವಾದ ಥರ್ಮೋಕೋಲ್ ಇಡಿ. ರೀಡಿಂಗ್ ನಿಂತ ಮೇಲೆಯೇ ಬರೆದುಕೊಳ್ಳಿ.

ಇಲ್ಲಿ ಯಾರೂ ಕೇಳದ, ಆದರೆ ಕೇಳಬೇಕಾದ ಒಂದು ವಿಷಯ ಹೇಳಲೇಬೇಕು. ಪಾತ್ರೆಗೆ ಬಿಳಿ ಕರೆ ಕಟ್ಟುವ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಅಂತ ಎಷ್ಟೋ ಜನ ನಂಬಿದ್ದಾರೆ. ಆ ಕರೆಗೆ ಮುಖ್ಯ ಕಾರಣ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಫ್ಲೋರೈಡ್ ಅದರ ಜೊತೆ ಕೂಡಿ ಹೊರಬೀಳುವುದರಿಂದ ನೀರಿನಲ್ಲಿ ಅದು ಏರಲು ಒಂದು ತಡೆ ಇರುತ್ತದೆ. ಗ್ರಾನೈಟ್ ನೆಲದಲ್ಲಿ ಫ್ಲೋರೈಡ್ ತುಂಬಾ ಏರುವುದು ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಮತ್ತು ಬೈಕಾರ್ಬನೇಟ್ ಜಾಸ್ತಿ ಇರುವ ನೀರಿನಲ್ಲಿ. ಆ ನೀರಿನಲ್ಲಿ ಸೋಪು ಚೆನ್ನಾಗಿ ನೊರೆ ಬರಬಹುದು. ಹಾಗಂತ ಗಡಸು ನೀರು ಕ್ಷೇಮ ಅಂತಲೂ ಅಲ್ಲ, ಅದರಲ್ಲೂ 1.5 ದಾಟಬಹುದು. ರುಚಿ, ಕರೆ, ನೊರೆ ಯಾವುದೂ ಅಂಕಿ ಹೇಳುವುದಿಲ್ಲ. ಎರಡೂ ಬಗೆಯ ನೀರನ್ನು ಟಿಸಾಬ್ ಹಾಕಿ ಅಳೆಯಿರಿ.