ಪ್ರೊ-ರೇಟಾ ರೀಫಂಡ್: 900ರ ಅಂಗಿ ವಾಪಸ್ ಮಾಡಿದರೆ 720 ಮಾತ್ರ ಯಾಕೆ ಬರುತ್ತದೆ?

ಹಬ್ಬ ಮುಗಿದ ಮೂರನೇ ದಿನ ದಾವಣಗೆರೆಯಿಂದ ಅತ್ತಿಗೆ ಫೋನ್ ಮಾಡಿದರು. "ಏನಪ್ಪಾ ಇದು, 900 ರೂಪಾಯಿ ಅಂಗಿ ವಾಪಸ್ ಕಳಿಸಿದ್ರೆ 720 ಅಂತ ತೋರಿಸ್ತಿದೆ. ಉಳಿದ 180 ಯಾರ ಜೇಬಿಗೆ ಹೋಯ್ತು?"

ನಾನು ಕೆಲವು ವರ್ಷ ಆನ್‌ಲೈನ್ ಬಟ್ಟೆ ವ್ಯಾಪಾರದ ರೀಫಂಡ್ ಲೆಕ್ಕ ನೋಡಿಕೊಂಡವನು. ಈ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಕೇಳುವವರ ಸಿಟ್ಟು ನಿಜವಾದದ್ದೇ. ದುಡ್ಡು ಕಮ್ಮಿ ಬಂದಿದೆ, ಕಾರಣ ಮಾತ್ರ ಯಾರೂ ಹೇಳಿಲ್ಲ. ಆ ಕಾರಣದ ಹೆಸರೇ ಪ್ರೊ-ರೇಟಾ. ಅಂದರೆ ಪಾಲಿಗೆ ತಕ್ಕಂತೆ ಹಂಚುವುದು. ಬಿಲ್ಲಿನ ಮೇಲೆ ಒಟ್ಟಾಗಿ ಸಿಕ್ಕ ರಿಯಾಯಿತಿಯನ್ನು ಪ್ರತಿಯೊಂದು ವಸ್ತುವಿಗೂ ಅದರ ಬೆಲೆಗೆ ತಕ್ಕ ಹಾಗೆ ಹಂಚಿ, ವಾಪಸ್ ಮಾಡಿದ ವಸ್ತುವಿಗೆ ಅದರ ಪಾಲು ಕಳೆದು ಉಳಿದದ್ದನ್ನು ಕೊಡುವುದು.

ಅತ್ತಿಗೆಯ ಬಿಲ್ಲನ್ನೇ ತೆಗೆದುಕೊಳ್ಳೋಣ. ಸೀರೆ 1,500, ಅಣ್ಣನಿಗೆ ಅಂಗಿ 900, ಮಗುವಿಗೆ ಫ್ರಾಕ್ 600. ಒಟ್ಟು 3,000. ಅವರ ಹತ್ತಿರ ಒಂದು ಕೂಪನ್ ಕೋಡ್ ಇತ್ತು, 2,500ಕ್ಕಿಂತ ಜಾಸ್ತಿ ಕೊಂಡರೆ 600 ಕಡಿತ. ಹಾಗಾಗಿ ಕೊಟ್ಟದ್ದು 2,400. ಪರದೆಯ ಮೇಲೆ ಈ 600 ಕೊನೆಯ ಸಾಲಿನಲ್ಲಿ ಒಂದೇ ಮೊತ್ತವಾಗಿ ಕಾಣುತ್ತದೆ. ಆದರೆ ಆರ್ಡರ್ ಒತ್ತಿದ ಕ್ಷಣದಲ್ಲೇ ಸಿಸ್ಟಂ ಅದನ್ನು ಮೂರು ಭಾಗ ಮಾಡಿರುತ್ತದೆ.

```
ಅಂಗಿಯ ಪಾಲು = 600 × 900 ÷ 3000 = 180
ಅಂಗಿಗೆ ಕೊಟ್ಟದ್ದು = 900 − 180 = 720
```

ಇದೇ ಲೆಕ್ಕದಲ್ಲಿ ಸೀರೆಗೆ ಬಿದ್ದದ್ದು 1,200, ಫ್ರಾಕಿಗೆ 480. ಮೂರೂ ಸೇರಿಸಿದರೆ ಸರಿಯಾಗಿ 2,400. ಅತ್ತಿಗೆ ಅಂಗಿಗೆ 900 ಕೊಟ್ಟೇ ಇರಲಿಲ್ಲ, 720 ಕೊಟ್ಟಿದ್ದರು. ಈಗ ಮೂರೂ ಬಟ್ಟೆಯನ್ನು ಒಂದೊಂದಾಗಿ ವಾಪಸ್ ಮಾಡಿದರು ಅಂದುಕೊಳ್ಳಿ. ಪ್ರತಿ ಸಲ ಪೂರ್ತಿ ಬೆಲೆ ಕೊಟ್ಟರೆ ಅವರ ಕೈಗೆ 3,000 ಬರುತ್ತದೆ, ಕೊಟ್ಟದ್ದು 2,400. ಅಂಗಡಿಯವರು ಹಾಗೆ ಮಾಡೋಕೆ ಆಗಲ್ಲ, ಅಲ್ವಾ?

ಇದರ ಹಿಂದೆ ತೆರಿಗೆಯ ಕಾರಣವೂ ಇದೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಮಾರುವ ಹೊತ್ತಿಗೇ ಕೊಟ್ಟು ಇನ್‌ವಾಯ್ಸಿನಲ್ಲಿ ತೋರಿಸಿದ ರಿಯಾಯಿತಿಯನ್ನು ಬೆಲೆಯಿಂದ ಕಳೆದು, ಉಳಿದ ಮೊತ್ತಕ್ಕೆ ಮಾತ್ರ ತೆರಿಗೆ ಹಾಕಬಹುದು. ಒಂದೇ ಬಿಲ್ಲಿನಲ್ಲಿ ಬೇರೆ ಬೇರೆ ತೆರಿಗೆ ದರದ ವಸ್ತುಗಳು ಇರಬಹುದು, ಬೇರೆ ಬೇರೆ ಮಾರಾಟಗಾರರೂ ಇರಬಹುದು. ಹಾಗಾಗಿ ಯಾವ ವಸ್ತುವಿಗೆ ಎಷ್ಟು ರಿಯಾಯಿತಿ ಅಂತ ಮೊದಲೇ ಹಂಚಿಟ್ಟರೆ ಮಾತ್ರ ಲೆಕ್ಕ ಕೂಡುತ್ತದೆ. ವಸ್ತು ವಾಪಸ್ ಬಂದಾಗ ಮಾರಾಟಗಾರ ಅದಕ್ಕೆ ಕ್ರೆಡಿಟ್ ನೋಟ್, ಅಂದರೆ ಇನ್‌ವಾಯ್ಸಿನ ಮೊತ್ತದಿಂದ ಇಷ್ಟು ಕಳೆದಿದೆ ಅನ್ನುವ ಪತ್ರ, ಮಾಡುತ್ತಾನೆ. 720ಕ್ಕೆ ಇನ್‌ವಾಯ್ಸ್ ಮಾಡಿದ ಅಂಗಿಗೆ 900ರ ಕ್ರೆಡಿಟ್ ನೋಟ್ ಮಾಡೋಕೆ ಬರಲ್ಲ.

ನಿಮ್ಮ ರೀಫಂಡ್ ಸರಿ ಇದೆಯೋ ಇಲ್ಲವೋ ನೋಡಬೇಕಾದರೆ ಆ್ಯಪಿನ ಆರ್ಡರ್ ಪುಟಕ್ಕಿಂತ ಇನ್‌ವಾಯ್ಸಿನ ಪಿಡಿಎಫ್ ತೆಗೆಯಿರಿ. ಅಲ್ಲಿ ಪ್ರತಿ ವಸ್ತುವಿನ ಸಾಲಿನಲ್ಲಿ ಮೂಲ ಬೆಲೆ, ರಿಯಾಯಿತಿ, ತೆರಿಗೆ, ಕೊನೆಗೆ ಒಟ್ಟು ಅಂತ ಇರುತ್ತದೆ. ಆ ಸಾಲಿನ ಒಟ್ಟು ಮೊತ್ತವೇ ನಿಮಗೆ ಬರಬೇಕಾದದ್ದು. "ಎರಡು ಕೊಂಡರೆ ಒಂದು ಉಚಿತ" ಅನ್ನುವ ಕೊಡುಗೆಯಲ್ಲೂ ಹೀಗೇ ನಡೆಯುವುದು ಜಾಸ್ತಿ. 500ರ ಮೂರು ಟೀ ಶರ್ಟಿಗೆ 1,000 ಕೊಟ್ಟಿದ್ದರೆ ಒಂದೊಂದರ ಮೇಲೆ 333 ರೂಪಾಯಿ 33 ಪೈಸೆ ಬೀಳುತ್ತದೆ. ಉಚಿತವಾಗಿ ಬಂದದ್ದು ಇದೇ ಅಂತ ಒಂದನ್ನು ಬೆರಳು ಮಾಡಿ ತೋರಿಸೋಕೆ ಆಗಲ್ಲ.

ಎಲ್ಲ ಅಂಗಡಿಗಳೂ ಈ ದಾರಿ ಹಿಡಿಯುವುದಿಲ್ಲ. ಕೆಲವು ಕಡೆ, ಮುಖ್ಯವಾಗಿ ಸಣ್ಣ ಸೈಟುಗಳಲ್ಲಿ, ಬಿಲ್ಲನ್ನೇ ಹೊಸದಾಗಿ ಬರೆದ ಹಾಗೆ ಲೆಕ್ಕ ಹಾಕುತ್ತಾರೆ. ಅಂಗಿ ತೆಗೆದರೆ ಉಳಿದ ಖರೀದಿ 2,100. ಕೂಪನ್ನಿಗೆ 2,500 ಬೇಕಿತ್ತು, ಆದ್ದರಿಂದ ಕೂಪನ್ ರದ್ದಾಯಿತು. ನೀವು 2,100 ಕೊಡಬೇಕಿತ್ತು, 2,400 ಕೊಟ್ಟಿದ್ದೀರಿ, ತಗೊಳ್ಳಿ 300. ಒಂದೇ ಅಂಗಿ, ಒಂದೇ ಕೂಪನ್. ಒಂದು ಕಡೆ 720, ಇನ್ನೊಂದು ಕಡೆ 300! ಎರಡನೇ ದಾರಿ ಹಿಡಿಯುವವರು ಅದನ್ನು ಕೂಪನ್ ಹಾಕುವ ಜಾಗದಲ್ಲೇ ದೊಡ್ಡದಾಗಿ ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಷರತ್ತುಗಳ ಕೊನೆಯಲ್ಲಿ ಒಂದು ಸಾಲು ಸೇರಿಸಿಬಿಟ್ಟರೆ ಸಾಲದು. ಎಷ್ಟೋ ಆ್ಯಪ್‌ಗಳು ವಾಪಸಾತಿಯ ಕೊನೆಯ ಬಟನ್ ಒತ್ತುವ ಮೊದಲು ಬರುವ ಮೊತ್ತವನ್ನು ತೋರಿಸುತ್ತವೆ. ಆ ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಮೊತ್ತ ತೀರಾ ಕಮ್ಮಿ ಇದ್ದರೆ, ಸಮಸ್ಯೆ ಬರೀ ಅಳತೆಯದ್ದಾಗಿದ್ದರೆ, ವಾಪಸ್ ಬದಲು ಎಕ್ಸ್‌ಚೇಂಜ್ ಕೇಳಿ. ಅದೇ ಬೆಲೆಯ ಬೇರೆ ಸೈಜ್ ತೆಗೆದುಕೊಂಡರೆ ಸಾಮಾನ್ಯವಾಗಿ ಕೂಪನ್ನಿಗೆ ಯಾರೂ ಕೈ ಹಚ್ಚುವುದಿಲ್ಲ.

ಕೂಪನ್ ಕೋಡ್ ಮತ್ತೆ ಸಿಗುತ್ತದಾ ಅಂತಲೂ ಅತ್ತಿಗೆ ಕೇಳಿದರು. ಒಂದು ವಸ್ತು ಮಾತ್ರ ವಾಪಸ್ ಮಾಡಿದರೆ ಇಲ್ಲ, ಉಳಿದ ವಸ್ತುಗಳ ಮೇಲೆ ಅದು ಇನ್ನೂ ಕೆಲಸ ಮಾಡುತ್ತಲೇ ಇದೆ. ಪೂರ್ತಿ ಆರ್ಡರನ್ನು ಕಳಿಸುವ ಮೊದಲೇ ರದ್ದು ಮಾಡಿದರೆ ಕೆಲವರು ಕೋಡನ್ನು ಮತ್ತೆ ಜೀವಂತ ಮಾಡುತ್ತಾರೆ, ಕೊನೆಯ ದಿನಾಂಕ ದಾಟಿರಬಾರದು ಅಷ್ಟೆ. ಸ್ಟಾಕ್ ಇಲ್ಲ ಅಂತ ಅಂಗಡಿಯವರೇ ರದ್ದು ಮಾಡಿದರೆ ಸುಮ್ನೆ ಬಿಡಬೇಡಿ, ಹೊಸ ಕೋಡ್ ಕೇಳಿ. ತಪ್ಪು ನಿಮ್ಮದಲ್ಲ.

ಎರಡು ದಿನ ಬಿಟ್ಟು ಮತ್ತೆ ಫೋನ್ ಬಂತು. "720 ಅಂದ್ಯಲ್ಲಪ್ಪಾ, ಬ್ಯಾಂಕಿಗೆ ಬಂದಿರೋದು 600. ಈಗ 120 ಎಲ್ಲಿ?"

ಅವರು ಮರೆತಿದ್ದ ಒಂದು ವಿಷಯ ಇತ್ತು. 2,400ರಲ್ಲಿ 400 ಆ ಅಂಗಡಿಯ ವಾಲೆಟ್‌ನಿಂದ ಹೋಗಿತ್ತು, 2,000 ಯುಪಿಐನಿಂದ. ಅಂದರೆ ಆರರಲ್ಲಿ ಒಂದು ಪಾಲು ವಾಲೆಟ್‌ನದು. 720ರ ಆರನೇ ಒಂದು ಪಾಲು 120. ಅದು ವಾಲೆಟ್‌ಗೇ ಹೋಗಿ ಕೂತಿತ್ತು. ದುಡ್ಡು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು ಅನ್ನುವುದು ಇಲ್ಲಿನ ನಿಯಮ. ಅಂಗಡಿಗಳ ಪರವಾಗಿ ಆನ್‌ಲೈನ್ ದುಡ್ಡು ಪಡೆಯುವ ಪೇಮೆಂಟ್ ಅಗ್ರಿಗೇಟರ್‌ಗಳಿಗೆ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಕೊಟ್ಟ ಸೂಚನೆಯಲ್ಲೂ ಇದೇ ಇತ್ತು. ಗ್ರಾಹಕರು ಒಪ್ಪಿದರೆ ಮಾತ್ರ ಬೇರೆ ಕಡೆ ಹಾಕಬಹುದು. "ಬೇಗ ಬೇಕಾದರೆ ವಾಲೆಟ್‌ಗೆ ತಗೊಳ್ಳಿ" ಅನ್ನುವ ಬಟನ್ ಇರುವುದೇ ಆ ಒಪ್ಪಿಗೆಗಾಗಿ. ಒತ್ತಿದಿರೋ, ಬ್ಯಾಂಕಿಗೆ ಬರಬೇಕಾದ ದುಡ್ಡು ಅಂಗಡಿಯಲ್ಲೇ ಉಳಿಯುತ್ತದೆ.

ಪಾಲು ಹಾಕುವ ಬದಲು ಮೊದಲು ವಾಲೆಟ್ ತುಂಬಿಸಿ, ಮಿಕ್ಕದ್ದನ್ನು ಬ್ಯಾಂಕಿಗೆ ಹಾಕುವವರೂ ಇದ್ದಾರೆ. ಹಾಗೆ ಮಾಡಿದ್ದರೆ ಅತ್ತಿಗೆಗೆ ವಾಲೆಟ್‌ನಲ್ಲಿ 400, ಬ್ಯಾಂಕಿನಲ್ಲಿ 320 ಬರುತ್ತಿತ್ತು. ಒಟ್ಟು ಮೊತ್ತ ಒಂದೇ, ಕೈಗೆ ಸಿಗುವ ನಗದು ಬೇರೆ.

ವಾಲೆಟ್ ಅಂತ ಒಂದೇ ಹೆಸರಿನಲ್ಲಿ ಕರೆದರೂ ಅದರಲ್ಲಿ ಬೇರೆ ಬೇರೆ ಜಾತಿಯ ದುಡ್ಡು ಇರುತ್ತದೆ. ಹಲವು ಅಂಗಡಿಗಳಲ್ಲಿ ಬಳಸಬಹುದಾದ ವಾಲೆಟ್‌ಗಳು ರಿಸರ್ವ್ ಬ್ಯಾಂಕಿನ 2021ರ ಪಿಪಿಐ, ಅಂದರೆ ಮೊದಲೇ ದುಡ್ಡು ತುಂಬಿಟ್ಟು ಬಳಸುವ ಸಾಧನಗಳ, ನಿರ್ದೇಶನದ ಕೆಳಗೆ ಬರುತ್ತವೆ. ಅದರ ಪ್ರಕಾರ ರದ್ದಾದ ವ್ಯವಹಾರದ ದುಡ್ಡು, ವಾಲೆಟ್‌ನಿಂದ ಎಷ್ಟು ಹೋಗಿತ್ತೋ ಅಷ್ಟು, ತಕ್ಷಣ ಅದೇ ವಾಲೆಟ್‌ಗೆ ಬರಬೇಕು. ಅದರಿಂದ ವಾಲೆಟ್‌ನ ಮಿತಿ ಮೀರಿದರೂ ಪರವಾಗಿಲ್ಲ. ಒಂದೇ ಅಂಗಡಿಯಲ್ಲಿ ನಡೆಯುವ ವಾಲೆಟ್‌ಗೆ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕಿಲ್ಲ, ಅಲ್ಲಿ ಆ ಅಂಗಡಿಯ ಷರತ್ತೇ ನಡೆಯುತ್ತದೆ. ಅತ್ತಿಗೆಯದು ಅಂಥದ್ದೇ. ಆ 400ರಲ್ಲಿ 300 ಅವರೇ ಹಾಕಿದ ದುಡ್ಡು, 100 ಅಂಗಡಿಯವರು ಕೊಡುಗೆಯಾಗಿ ಹಾಕಿದ ಪ್ರೊಮೋ ಬ್ಯಾಲೆನ್ಸ್. ವಾಪಸ್ ಬಂದ 120ರಲ್ಲೂ ಅದೇ ಪಾಲು: 90 ಸ್ವಂತದ್ದು, 30 ಪ್ರೊಮೋ. ಪ್ರೊಮೋ ದುಡ್ಡು ಬ್ಯಾಂಕಿಗೆ ಹೋಗುವುದಿಲ್ಲ. ಎಷ್ಟೋ ಕಡೆ ಅದು ಹಳೆಯ ಕೊನೆಯ ದಿನಾಂಕವನ್ನೇ ಹೊತ್ತುಕೊಂಡು ಬರುತ್ತದೆ.

ಕ್ಯಾಶ್‌ಬ್ಯಾಕ್ ಕೂಪನ್ನಿನ ಹಾಗಲ್ಲ. ಕೂಪನ್ ಕೊಳ್ಳುವಾಗಲೇ ಬೆಲೆ ಇಳಿಸುತ್ತದೆ. ಕ್ಯಾಶ್‌ಬ್ಯಾಕ್ ಪೂರ್ತಿ ದುಡ್ಡು ಕೊಟ್ಟಾದ ಮೇಲೆ ಬರುವ ಬಹುಮಾನ, ಎಷ್ಟೋ ಸಲ ಅದನ್ನು ಕೊಡುವವರೂ ಬೇರೆ. ಈ ಆರ್ಡರಿಗೆ "2,000 ಮೀರಿದರೆ 150 ಕ್ಯಾಶ್‌ಬ್ಯಾಕ್" ಅಂತ ಇತ್ತು. ವಾಲೆಟ್ ಪುಟದಲ್ಲಿ ಅದು ಬಾಕಿ ಅಂತ ಕಾಣುತ್ತಿತ್ತು, ಅಂಗಿ ವಾಪಸ್ ಹೋದ ಮೇಲೆ ಕಾಣೆಯಾಯಿತು. ಕಾರಣ, ಉಳಿದ ಖರೀದಿ 1,680. 2,000ದ ಗೆರೆಯ ಕೆಳಗೆ ಬಂತು. ಇಲ್ಲಿ ಪಾಲು ಹಂಚುವ ಮಾತಿಲ್ಲ, ಗೆರೆ ದಾಟಿದರೆ 150, ಇಲ್ಲದಿದ್ದರೆ ಸೊನ್ನೆ. ಶೇಕಡ ಲೆಕ್ಕದ, ಕನಿಷ್ಠ ಖರೀದಿ ಇಲ್ಲದ ಕ್ಯಾಶ್‌ಬ್ಯಾಕ್ ಆಗಿದ್ದರೆ ಅಂಗಿಯ ಪಾಲು ಮಾತ್ರ ಹೋಗುತ್ತಿತ್ತು.

ವಾಪಸ್ ಮಾಡುವ ಗಡುವು ಮುಗಿದ ಮೇಲೆಯೇ ಕ್ಯಾಶ್‌ಬ್ಯಾಕ್ ಹಾಕುವ ಪದ್ಧತಿ ಇರುವುದು ಇದಕ್ಕೇ. ಮೊದಲೇ ಹಾಕಿಬಿಟ್ಟಿದ್ದು, ನೀವು ಅದನ್ನು ಖರ್ಚೂ ಮಾಡಿದ್ದರೆ ರೀಫಂಡಿನಿಂದ ಹಿಡಿದುಕೊಳ್ಳಬಹುದು. ಆಗ 720ರ ಬದಲು 570 ಬರುತ್ತದೆ. ಕಮ್ಮಿ ಬಂದ ಮೊತ್ತ ನಿಮ್ಮ ಕ್ಯಾಶ್‌ಬ್ಯಾಕಿಗೆ ಸರಿಸಮ ಇದ್ದರೆ ಕಾರಣ ಇದೇ ಅಂತ ತಿಳಿಯಿರಿ.

ಯಾವ ಲೆಕ್ಕಕ್ಕೂ ಕೂಡದಿದ್ದರೆ ಎರಡು ಕೆಲಸ ಮಾಡಿ. ಅಂಗಡಿಯವರು "ಕಳಿಸಿದ್ದೇವೆ" ಅಂದರೆ ಆರ್‌ಆರ್‌ಎನ್ ಕೇಳಿ. ಅದು ಆ ವ್ಯವಹಾರವನ್ನು ಗುರುತಿಸುವ ಸಂಖ್ಯೆ, ಯುಪಿಐನಲ್ಲಿ 12 ಅಂಕಿ ಇರುತ್ತದೆ, ಅದನ್ನು ಕೊಟ್ಟರೆ ಬ್ಯಾಂಕಿನವರು ಹುಡುಕಬಲ್ಲರು. ಲೆಕ್ಕದಲ್ಲೇ ತಕರಾರು ಇದ್ದರೆ ಇನ್‌ವಾಯ್ಸ್ ಮತ್ತು ಸ್ಕ್ರೀನ್‌ಶಾಟ್ ಇಟ್ಟು ಅಂಗಡಿಯ ಗ್ರೀವೆನ್ಸ್ ಆಫೀಸರ್‌ಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಅತ್ತಿಗೆಗೆ ಅಷ್ಟು ದೂರ ಹೋಗಬೇಕಾಗಿ ಬರಲಿಲ್ಲ. ಆ 30 ರೂಪಾಯಿ ಪ್ರೊಮೋ ಮಾತ್ರ ವಾಪಸ್ ಬರುವ ಹೊತ್ತಿಗೆ ದಿನಾಂಕ ದಾಟಿತ್ತು. ಪಾರ್ಸೆಲ್ ಒಯ್ಯುವವರು ಆರು ದಿನ ತಡವಾಗಿ ಬಂದದ್ದಕ್ಕೆ ಹೀಗಾಯಿತು ಅಂತ ಅವರು ಬರೆದರು, ಪಿಕಪ್ ಮುಂದೂಡಿದ ಮೆಸೇಜುಗಳನ್ನೂ ಜೊತೆಗೆ ಕಳಿಸಿದರು. ನಾಲ್ಕನೇ ದಿನ ಹೊಸ ದಿನಾಂಕದೊಂದಿಗೆ 30 ವಾಲೆಟ್‌ಗೆ ಬಂತು.