ನಾಲ್ಕೇ ಕಡೆ ಮುಟ್ಟಿದರೆ ಮೂರು ಉಬ್ಬಿನ ಪಿನ್ನೂ ದುಂಡಗೇ ಕಾಣುತ್ತದೆ

ಒಂದು ಸಲ 30 ಮಿ.ಮೀ. ಪಿನ್ನುಗಳ ಲಾಟ್ ಒಂದು ನನ್ನ ಟೇಬಲ್‌ಗೆ ಬಂತು. ಮೈಕ್ರೋಮೀಟರ್‌ನಲ್ಲಿ ಎಲ್ಲಿ ಹಿಡಿದರೂ 29.990. ಜೊತೆಗೆ, ಒಂದೊಂದೇ ಪಾಯಿಂಟ್ ಮುಟ್ಟಿ ಆಕಾರ ಅಳೆಯುವ ಸಿಎಂಎಂ ಮೆಷಿನ್‌ನಿಂದ ಬಂದ ರಿಪೋರ್ಟ್‌ನಲ್ಲಿ ರೌಂಡ್‌ನೆಸ್ ಹೆಚ್ಚುಕಡಿಮೆ ಸೊನ್ನೆ. ಆದರೆ 29.995ರ ಬುಷ್‌ಗೆ ಪಿನ್ ಹೋಗುತ್ತಿಲ್ಲ! ಬುಷ್ಷೇ ಸರಿಯಿಲ್ಲ ಅಂತ ಕಳಿಸಿದವರ ವಾದ.

ಪಿನ್ ಸೆಂಟರ್‌ಲೆಸ್ ಗ್ರೈಂಡಿಂಗ್‌ನದು ಅಂತ ಗೊತ್ತಾದ ಕೂಡಲೇ ನಾನು ವಿ-ಬ್ಲಾಕ್ ತೆಗೆದೆ. ಪಿನ್ನನ್ನು ಸೆಂಟರ್‌ನಲ್ಲಿ ಹಿಡಿಯದೆ, ಎರಡು ಚಕ್ರಗಳ ನಡುವೆ ಬ್ಲೇಡ್ ಮೇಲೆ ಕೂರಿಸಿ ಉಜ್ಜುವ ಈ ಗ್ರೈಂಡಿಂಗ್‌ನಲ್ಲಿ ಸೆಟ್ಟಿಂಗ್ ತಪ್ಪಿದರೆ ಪಿನ್ನಿಗೆ ಮೂರೋ ಐದೋ ಉಬ್ಬು ಬರುತ್ತದೆ. ಉಬ್ಬಿನ ಎದುರಿಗೆ ಸರಿಯಾಗಿ ತಗ್ಗು ಇರುತ್ತದೆ, ಹಾಗಾಗಿ ಎರಡು ಕಡೆಯಿಂದ ಹಿಡಿಯುವ ಮೈಕ್ರೋಮೀಟರ್‌ಗೆ ಎಲ್ಲೆಲ್ಲೂ ಒಂದೇ ಅಳತೆ. 90 ಡಿಗ್ರಿ ವಿ-ಬ್ಲಾಕ್‌ನಲ್ಲಿ ಕೂರಿಸಿ, ಮೇಲೆ ಒಂದು ಮೈಕ್ರಾನ್ ಡಯಲ್ ಇಟ್ಟು ನಿಧಾನವಾಗಿ ತಿರುಗಿಸಿದೆ. ಮುಳ್ಳು ಒಂದು ಸುತ್ತಿಗೆ ಮೂರು ಸಲ ಹತ್ತಿ ಇಳಿಯಿತು, ಒಟ್ಟು ಓಡಾಟ 12 ಮೈಕ್ರಾನ್.

ಇಲ್ಲಿ 12 ಅಂತ ಬರೆದರೆ ತಪ್ಪು. ಪಿನ್ ಕೂತಿರುವ ಎರಡು ಜಾಗಗಳೂ ಉಬ್ಬುತಗ್ಗಿನ ಜೊತೆ ಏರಿಳಿಯುತ್ತವೆ, ಅದಕ್ಕೇ 90 ಡಿಗ್ರಿ ವಿ-ಯಲ್ಲಿ ಮೂರು ಅಥವಾ ಐದು ಉಬ್ಬಿದ್ದರೆ ಡಯಲ್ ಎರಡರಷ್ಟು ತೋರಿಸುತ್ತದೆ. ಅಂದರೆ ರೌಂಡ್‌ನೆಸ್ 6 ಮೈಕ್ರಾನ್. ಬುಷ್‌ಗೆ ಈ ಪಿನ್ 29.996 ಇದ್ದ ಹಾಗೆ, ಹೋಗದೇ ಇದ್ದದ್ದು ಅದಕ್ಕೇ. ಆದರೆ ಏಳು ಉಬ್ಬಿದ್ದರೆ ಇದೇ ವಿ-ಬ್ಲಾಕ್ ಸೊನ್ನೆ ತೋರಿಸುತ್ತದೆ. ಹಾಗಾಗಿ ಮುಳ್ಳು ಎಷ್ಟು ಸಲ ಹತ್ತಿತು ಅಂತ ಎಣಿಸದೆ, ಬೇರೆ ಕೋನದ ವಿ-ಯಲ್ಲಿ ಒಮ್ಮೆ ನೋಡದೆ, ಸುಮ್ನೆ ಎರಡರಿಂದ ಭಾಗಿಸಬೇಡಿ.

ಹಾಗಾದರೆ ಸಿಎಂಎಂ ಸುಳ್ಳು ಹೇಳಿತಾ? ಇಲ್ಲ, ಆಪರೇಟರ್ 90 ಡಿಗ್ರಿಗೊಂದರಂತೆ ನಾಲ್ಕೇ ಪಾಯಿಂಟ್ ತಗೊಂಡಿದ್ದ. ಒಂದು ಪಾಯಿಂಟ್ ಉಬ್ಬಿನ ಮೇಲೆ ಬಿದ್ದರೆ ಅದರ ಎದುರಿನದು ಅಷ್ಟೇ ತಗ್ಗಿನಲ್ಲಿ ಬೀಳುತ್ತದೆ. ಸಾಫ್ಟ್‌ವೇರ್‌ಗೆ ಅದು, ಪೂರ್ತಿ ದುಂಡಗಿರುವ ಪಿನ್ನೊಂದು ಸ್ವಲ್ಪ ಪಕ್ಕಕ್ಕೆ ಸರಿದು ಕೂತ ಹಾಗೆ ಕಾಣುತ್ತದೆ. ಸೆಂಟರ್ ಸರಿಸಿ, ರೌಂಡ್‌ನೆಸ್ ಸೊನ್ನೆ ಅಂತ ಪ್ರಿಂಟ್ ಕೊಡುತ್ತದೆ. ಐದು ಉಬ್ಬಿದ್ದರೂ ಇದೇ ಕಥೆ.

ಫ್ಲಾಟ್‌ನೆಸ್‌ನಲ್ಲೂ ಹೀಗೇ, ಮೂರು ಪಾಯಿಂಟ್ ಮುಟ್ಟಿದರೆ ಯಾವ ತಟ್ಟೆಯೂ ಫ್ಲಾಟೇ. ಡಯಲ್‌ನಲ್ಲಿ ನೋಡುವವರು ಜಾಬನ್ನು ನೇರ ಸರ್ಫೇಸ್ ಪ್ಲೇಟ್ ಮೇಲಿಟ್ಟು ಡಯಲ್ ಓಡಿಸುತ್ತಾರೆ, ಆಗ ಅಡಿಯ ಮುಖದ ಓರೆಯೂ ಸೇರಿಬಿಡುತ್ತದೆ. ಮೂರು ಜಾಕ್ ಮೇಲಿಟ್ಟು, ದೂರದೂರದ ಮೂರು ಜಾಗದಲ್ಲಿ ಡಯಲ್ ಸೊನ್ನೆಗೆ ಬರುವಂತೆ ಮಾಡಿಕೊಂಡು ಆಮೇಲೆ ಇಡೀ ಮುಖ ಓಡಿಸಿ. ಆ ಓಡಾಟ ನಿಜವಾದ ಫ್ಲಾಟ್‌ನೆಸ್‌ಗಿಂತ ಜಾಸ್ತಿ ಇರಬಹುದೇ ಹೊರತು ಕಡಿಮೆ ಇರುವುದಿಲ್ಲ, ಡಯಲ್ ತಪ್ಪನ್ನು ಕೂಡಿಸಿದ ಮೇಲೂ ಟಾಲರೆನ್ಸ್ ಒಳಗಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು.

ಪಿನ್ನಿಗೆ ಬರೋಣ. ಡ್ರಾಯಿಂಗ್‌ನಲ್ಲಿ ರೌಂಡ್‌ನೆಸ್ 5 ಮೈಕ್ರಾನ್. ರಿಜೆಕ್ಟ್ ಮಾಡಬೇಕಾದರೆ ನನ್ನ ಅಳತೆಯ ಅನಿಶ್ಚಿತತೆ ಎಷ್ಟು ಅಂತ ಹೇಳಬೇಕು. ಡಯಲ್‌ನ ತಪ್ಪು ±1 ಮೈಕ್ರಾನ್ ಒಳಗೆ, ಅದನ್ನು ಮೂರರ ವರ್ಗಮೂಲದಿಂದ ಭಾಗಿಸಿದರೆ 0.6. ಹತ್ತು ಸಲ ತಿರುಗಿಸಿ ನೋಡಿದಾಗಿನ ಚದುರುವಿಕೆ 0.5. ವಿ-ಬ್ಲಾಕ್, ಸ್ಟ್ಯಾಂಡ್‌ಗೆ 0.4 ಇಟ್ಟುಕೊಂಡೆ. ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆದರೆ 0.88. ಓಡಾಟವನ್ನು ಎರಡರಿಂದ ಭಾಗಿಸಿದ್ದೇವಲ್ಲ, ಹಾಗಾಗಿ 0.44, ಅದರ ಎರಡರಷ್ಟು 0.9. ಉತ್ತರ 6 ± 0.9. ಕೆಳಗಿನ ತುದಿ 5.1, ಟಾಲರೆನ್ಸ್ ಹೊರಗೇ ಇದೆ.

ಆಮೇಲೆ ಸಿಎಂಎಂನಲ್ಲಿ 24 ಪಾಯಿಂಟ್ ತಗೊಂಡೆ, 6.2 ಬಂತು. ಆದರೆ ಟಚ್ ಟ್ರಿಗರ್ ಪ್ರೋಬ್‌ಗೂ ಒಳಗೆ ಮೂರು ಕಾಲಿನ ಆಸರೆ ಇರುವುದರಿಂದ ಅದರ ತಪ್ಪೂ ಮೂರು ಉಬ್ಬಿನದೇ! ಪಿನ್ನನ್ನು 60 ಡಿಗ್ರಿ ತಿರುಗಿಸಿ ಮತ್ತೆ ಅಳೆದೆ. ಉಬ್ಬು ಪಿನ್ನಿನ ಜೊತೆಗೇ ತಿರುಗಿತು, ಹಾಗಾಗಿ ಬಹುಪಾಲು ಪಿನ್ನಿನದೇ. ಅದೇ ಸ್ಟೈಲಸ್‌ನಲ್ಲಿ ಮಾಸ್ಟರ್ ರಿಂಗ್ ಅಳೆದಾಗ ಬಂದ 1.2 ಮಾತ್ರ ಮೆಷಿನ್‌ನ ಪಾಲು. ಅದನ್ನು ಸೇರಿಸಿ ಲೆಕ್ಕ ಹಾಕಿದರೆ ± 1.6, ಅಂದರೆ 4.6ರಿಂದ 7.8. ಇಷ್ಟು ದೊಡ್ಡ ಮೆಷಿನ್ ಇಟ್ಟುಕೊಂಡೂ ಬರೀ ಆ ಅಳತೆಯಿಂದ ರಿಜೆಕ್ಟ್ ಅನ್ನಲು ಆಗುವುದಿಲ್ಲ.

ವಿ-ಬ್ಲಾಕ್‌ನ ± 0.9 ಮೂರೇ ಉಬ್ಬು ಅನ್ನುವ ನಂಬಿಕೆಯ ಮೇಲೆ ನಿಂತಿದೆ, ಆ ನಂಬಿಕೆಗೆ ಆಧಾರ ಸಿಎಂಎಂನ 24 ಪಾಯಿಂಟ್‌ನ ಚಿತ್ರ. ಎರಡನ್ನೂ ಒಟ್ಟಿಗೆ ಕಳಿಸಿದೆ. ಅವರು ಗ್ರೈಂಡರ್‌ನ ಬ್ಲೇಡ್ ಎತ್ತರಿಸಿ, ಪಿನ್ನಿನ ಸೆಂಟರ್ ಚಕ್ರಗಳ ಸೆಂಟರ್‌ಗಿಂತ ಮೇಲೆ ಬರುವಂತೆ ಮಾಡಿದರು. ಮುಂದಿನ ಲಾಟ್‌ನಲ್ಲಿ ಡಯಲ್ ಓಡಾಟ 3 ಮೈಕ್ರಾನ್.