ಹೇನಿನ ಪುಡಿ ಕೇಳುವವರಿಗೆ

ಬಾದಾಮಿ ಕಡೆಯಿಂದ ವರ್ಷಕ್ಕೆ ನಾಲ್ಕೈದು ಸಲವಾದರೂ ನನಗೊಂದು ಫೋನು ಬರುತ್ತದೆ. "ಡಾಕ್ಟ್ರ, ಗುಡಿ ಹಂತ್ಯಾಕ ಮಂಗ್ಯಾಗೋಳಿಗೆ ಭಾಳ ಹೇನಾಗ್ಯಾವ್ರಿ. ದಿನಾ ಒಂದರ ತಲಿ ಒಂದು ನೋಡ್ಕೋತ ಕುಂದರತಾವ. ಎಮ್ಮಿ ಉಣ್ಣಿಗೆ ಹಚ್ಚೂ ಪುಡಿ ಉಗ್ಗಿದ್ರ ಆಗಂಗಿಲ್ಲೇನ್ರೀ?"

ದಯವಿಟ್ಟು ಉಗ್ಗಬೇಡಿ. ಮೈಮೇಲೆ ಬಿದ್ದದ್ದು ಬೆರಳಿಗೆ, ಬೆರಳಿನಿಂದ ಬಾಯಿಗೆ ಹೋಗುತ್ತದೆ. ಆ ಪುಡಿ ವಿಷ.

ಹೇನಿನ ಮಾತು ಪೂರ್ತಿ ಸುಳ್ಳೇನಲ್ಲ. ಜಪಾನಿನ ಮಂಗಗಳನ್ನು ಹತ್ತಿರದಿಂದ ನೋಡಿದವರಿಗೆ, ಅವು ಹೆಕ್ಕಿ ಬಾಯಿಗೆ ಹಾಕಿಕೊಳ್ಳುವುದು ಬಹುಪಾಲು ಸೀರು, ಅಂದರೆ ಹೇನಿನ ಮೊಟ್ಟೆ ಎಂದು ಕಂಡುಬಂತು. ತನ್ನ ಕೈಗೆ ಎಟುಕದ ಬೆನ್ನು, ಕತ್ತಿನ ಹಿಂಭಾಗವನ್ನು ಇನ್ನೊಂದರಿಂದ ನೋಡಿಸಿಕೊಳ್ಳುವುದರಲ್ಲಿ ಅರ್ಥವಿದೆ. ಆದರೆ ಸೀರು ತೆಗೆಯುವುದಷ್ಟೇ ಕೆಲಸವಾಗಿದ್ದರೆ ಮೈ ಚೊಕ್ಕಟವಾದ ಮೇಲೆ ಎದ್ದು ಹೋಗಬೇಕಿತ್ತು, ಯಾರ ಮುಂದೆ ಕೂತರೂ ನಡೆಯಬೇಕಿತ್ತು. ಕೆಲವು ಜಾತಿಯ ಮಂಗಗಳು ಹಗಲಿನ ಐದನೇ ಒಂದು ಪಾಲಿನ ತನಕ ಇದಕ್ಕೇ ಕೊಡುತ್ತವೆ. ಅದೂ ಎಲ್ಲರಿಗೂ ಸಮನಾಗಿ ಅಲ್ಲ, ಆರಿಸಿಕೊಂಡ ಕೆಲವರಿಗೆ.

ಫೋನಿನಲ್ಲಿ ಹೇಳಿ ಹೇಳಿ ನಾನು ಸೋತ ಮಾತು ಇದೇ: ಇಲ್ಲಿ ಒಂದು ಮಂಗ ಇನ್ನೊಂದಕ್ಕೆ ಕೊಡುತ್ತಿರುವುದು ಹೊತ್ತು. ಮೈ ನೋಡುವಷ್ಟು ಕಾಲ ಅದು ತಿನ್ನುವಂತಿಲ್ಲ, ಎರಡು ಕೈಯೂ ತೆರವಿಲ್ಲ, ಕಣ್ಣು ಕೂದಲಲ್ಲಿ. ಒಬ್ಬರಿಗೆ ಕೊಟ್ಟ ಅರ್ಧ ಗಂಟೆಯನ್ನು ಅದೇ ವೇಳೆಗೆ ಮತ್ತೊಬ್ಬರಿಗೆ ಕೊಡಲಾಗದು. ಹಾಗಾಗಿ ಯಾರು ಯಾರ ಕಡೆಯವರು ಎಂಬುದು ಗುಂಪಿಗೆಲ್ಲ ಕಾಣುತ್ತದೆ.

ಆ ಹೊತ್ತಿನ ಲೆಕ್ಕವನ್ನು ಮಂಗ ನೆನಪಿಡುತ್ತದೆಯೇ? ಕೀನ್ಯಾದ ಅಂಬೋಸೆಲಿಯಲ್ಲಿ ರಾಬರ್ಟ್ ಸೀಫರ್ತ್, ಡೊರೊಥಿ ಚೆನಿ ಎಂಬ ಇಬ್ಬರು ಸಂಶೋಧಕರು ವರ್ವೆಟ್ ಮಂಗಗಳ ಮೇಲೆ ಇದನ್ನು ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದರು. ಜಗಳದಲ್ಲಿ ನೆರವು ಕೇಳಿ ಮಂಗ ಕೂಗುವ ದನಿಯನ್ನು ಮೊದಲೇ ಧ್ವನಿಮುದ್ರಿಸಿಕೊಂಡರು. ಪೊದೆಯಲ್ಲಿ ಸ್ಪೀಕರ್ ಬಚ್ಚಿಟ್ಟು, ಆ ಕೂಗನ್ನು ಇನ್ನೊಂದು ಮಂಗಕ್ಕೆ ಕೇಳಿಸಿದರು. ಒಂದು ಸಲ, ಕೂಗಿದ್ದು ಸ್ವಲ್ಪ ಹೊತ್ತಿನ ಹಿಂದೆ ತನ್ನ ಮೈ ನೋಡಿದ ಮಂಗ. ಇನ್ನೊಂದು ಸಲ ಅದೇ ಮಂಗದ ಕೂಗು, ಆದರೆ ಮೈ ನೋಡಿರದ ದಿನ. ರಕ್ತಸಂಬಂಧವಿಲ್ಲದವರ ನಡುವೆ ಫರಕು ಎದ್ದು ಕಂಡಿತು: ಮೈ ನೋಡಿಸಿಕೊಂಡದ್ದು ಸ್ಪೀಕರ್ ಕಡೆ ಹೆಚ್ಚು ಹೊತ್ತು ದಿಟ್ಟಿಸಿತು. ತಾಯಿ, ಮಗಳು, ಅಕ್ಕತಂಗಿಯರಾದರೆ ಅಂಥ ಫರಕಿಲ್ಲ. ಅವರ ಕೂಗಿಗೆ ಇವತ್ತು ಮೈ ನೋಡಿದ್ದಾರೋ ಇಲ್ಲವೋ ಎಂಬ ಲೆಕ್ಕ ಬೇಕಾಗಲಿಲ್ಲ. ಇಲ್ಲಿ ಅಳೆದದ್ದು ಗಮನವನ್ನು, ಓಡಿಹೋಗಿ ಜಗಳಕ್ಕೆ ನಿಂತದ್ದನ್ನಲ್ಲ ಎಂಬುದನ್ನೂ ಹೇಳಿಬಿಡಬೇಕು. "ಇಂದು ಸೀರು ತೆಗೆದರೆ ನಾಳೆ ಸಹಾಯ ಗ್ಯಾರಂಟಿ" ಎಂದು ಯಾರಾದರೂ ಬರೆದರೆ ನಂಬಬೇಡಿ.

ಮೈಯೊಳಗೂ ಏನೋ ನಡೆಯುತ್ತದೆ. ಮೈ ನೋಡಿಸಿಕೊಳ್ಳುವಾಗ ಎದೆಬಡಿತ ಇಳಿಯುವುದನ್ನು ಅಳೆದಿದ್ದಾರೆ. ಟ್ಯಾಲಪಾಯಿನ್ ಎಂಬ ಪುಟ್ಟ ಮಂಗಗಳಲ್ಲಿ ಎಂಡಾರ್ಫಿನ್, ಅಂದರೆ ಮೈಯಲ್ಲೇ ಹುಟ್ಟುವ ಅಫೀಮಿನಂಥ ವಸ್ತು, ಏರುವುದು ಕಂಡಿದೆ. ಅದರ ಕೆಲಸ ತಡೆಯುವ ಔಷಧ ಕೊಟ್ಟಾಗ ಅವು ಇನ್ನಷ್ಟು ಸಲ ಬಂದು ಮೈ ಒಡ್ಡಿದವು, ಉಂಡರೂ ಹಸಿವು ಹೋಗದವರ ಹಾಗೆ.

ಹೋದ ಚಳಿಗಾಲ ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಎರಡು ಹೆಣ್ಣುಗಳನ್ನು ನೋಡುತ್ತ ಕೂತಿದ್ದೆ. ಒಂದು ಮೋಟುಬಾಲದ್ದು. ಇನ್ನೊಂದು ಅದಕ್ಕಿಂತ ಮೇಲಿನ ದರ್ಜೆಯದು, ಅದು ಬಂದರೆ ಮೋಟುಬಾಲ ಜಾಗ ಬಿಡುತ್ತಿತ್ತು. ಈ ಮಂಗಗಳಲ್ಲಿ ಹೆಣ್ಣು ಹುಟ್ಟಿದ ಗುಂಪಿನಲ್ಲೇ ಬಾಳುತ್ತದೆ, ದೊಡ್ಡವಾದ ಮೇಲೆ ಗುಂಪು ಬಿಡುವುದು ಗಂಡು. ಹಾಗಾಗಿ ಅವೆರಡೂ ಜೀವಮಾನವಿಡೀ ಒಬ್ಬರಿಗೊಬ್ಬರು ಹೊಂದಿಕೊಳ್ಳಲೇಬೇಕು. ಮೋಟುಬಾಲ ತುಟಿ ಪಟಪಟಿಸುತ್ತ ಹತ್ತಿರ ಬಂತು. ಎಡಗೈಯಿಂದ ಕೂದಲು ಬಗೆದು, ಬಲಗೈ ಹೆಬ್ಬೆರಳು, ತೋರುಬೆರಳಲ್ಲಿ ಹೆಕ್ಕತೊಡಗಿತು. ದೊಡ್ಡದು ಕಣ್ಣು ಅರೆಮುಚ್ಚಿ, ಸ್ವಲ್ಪ ಹೊತ್ತಿಗೆ ತೋಳೆತ್ತಿ ಕಂಕುಳನ್ನೇ ಒಡ್ಡಿತು. ಕಂಕುಳು ಒಡ್ಡುವುದೆಂದರೆ ನಂಬಿಕೆ ಎಂದು ನನ್ನ ಎಣಿಕೆ.

ಇಪ್ಪತ್ತು ನಿಮಿಷವಾಗಿತ್ತು. "ಏ, ಇಕ್ಕಡೆ ನೋಡ!" ಎನ್ನುತ್ತ ಒಬ್ಬಾತ ಬಾಳೆಹಣ್ಣು ಎಸೆದ, ಫೋಟೋ ಬೇಕಿತ್ತು ಅವನಿಗೆ. ದೊಡ್ಡದು ಹಾರಿ ಹಣ್ಣು ಹಿಡಿಯಿತು. ಕೈ ಚಾಚಿದ್ದ ಮೋಟುಬಾಲದ ಕಡೆ ಬಾಯಿ ತೆರೆದು ಗದರಿತು. ಮೋಟುಬಾಲ ಹಲ್ಲು ಕಿರಿದು ಹಿಂದೆ ಸರಿದು, ನಾಲ್ಕು ಮೆಟ್ಟಿಲು ಕೆಳಗೆ ಹೋಗಿ ತನ್ನ ಮೊಣಕಾಲನ್ನೇ ಕೆರೆದುಕೊಳ್ಳತೊಡಗಿತು. ಎದುರಿಗಿನದು ತಿರುಗಿ ಅದರ ಮೈ ನೋಡುವ ಸರದಿ ಬರಲೇ ಇಲ್ಲ.

ಒಂದು ಮುಂಜಾನೆ ಕಂಡದ್ದನ್ನು ನಿಯಮ ಎನ್ನಲಾರೆ. ಆದರೆ ಶಿಮ್ಲಾದ ಮಂಗಗಳಲ್ಲಿ, ಜನರ ಜತೆ ಹೆಚ್ಚು ಹೊತ್ತು ಕಳೆದವು ಮೈ ನೋಡಲು ಕೊಟ್ಟ ಹೊತ್ತು ಕಡಿಮೆ ಎಂದು ಲೆಕ್ಕ ಹಾಕಿ ತೋರಿಸಿದ್ದಾರೆ. ಪುಡಿಯವರಿಗೆ ನಾನು ಫೋನಿನಲ್ಲಿ ಗದರಬಹುದು. ಬಾಳೆಹಣ್ಣಿನವರು ಫೋನು ಮಾಡುವುದಿಲ್ಲ.